ಮುರಿದ ಸೇತುವೆಯನ್ನು ವರದಿಯಲ್ಲಿ ಎಲ್ಲಿ ಬರೆಯುವುದು?

ಕೆಮಿಸ್ಟ್ರಿ ರೆಕಾರ್ಡ್ ಬರೆಯುವ ಕ್ರಮ ನಮ್ಮ ವಿದ್ಯಾರ್ಥಿಗಳಿಗೆ ಬಾಯಿಪಾಠ. ಉದ್ದೇಶ, ತತ್ವ, ಬೇಕಾದ ಸಲಕರಣೆಗಳು, ವಿಧಾನ, ವೀಕ್ಷಣೆಗಳ ಕೋಷ್ಟಕ, ಲೆಕ್ಕ, ಕೊನೆಗೆ ಒಂದು ಸಾಲಿನ ಫಲಿತಾಂಶ. ವಿಜ್ಞಾನ ಪ್ರದರ್ಶನಕ್ಕಾಗಿ ದ್ವಿತೀಯ ಪಿಯುಸಿಯ ನಾಲ್ವರು ಐಸ್‌ಕ್ರೀಂ ಕಡ್ಡಿಗಳಿಂದ ಒಂದು ಸೇತುವೆ ಕಟ್ಟಿ, ಅದರ ವರದಿಯನ್ನೂ ಇದೇ ಕ್ರಮದಲ್ಲಿ ಬರೆದು ತಂದರು. ಕೊನೆಯ ಸಾಲು ಹೀಗಿತ್ತು: "ಫಲಿತಾಂಶ: ಸೇತುವೆಯು 10 ಕೆ.ಜಿ. ಭಾರವನ್ನು ಹೊತ್ತಿತು." ಅದಕ್ಕೂ ಮೊದಲು ಅವರು ಕಟ್ಟಿದ್ದ ಇನ್ನೊಂದು ಸೇತುವೆ ಮುರಿದದ್ದು ನನಗೆ ಗೊತ್ತಿತ್ತು. ವರದಿಯಲ್ಲಿ ಅದರ ಸುದ್ದಿಯೇ ಇರಲಿಲ್ಲ. ಕೇಳಿದಾಗ ಒಬ್ಬ ಹೇಳಿದ, "ಸರ್, ಅದು ಮುರಿದುಹೋಯ್ತಲ್ಲ, ಅದನ್ನು ಯಾವ ಹೆಡಿಂಗ್ ಕೆಳಗೆ ಬರೆಯೋದು?"

ಪ್ರಶ್ನೆ ಸರಿಯಾದದ್ದೇ. ರೆಕಾರ್ಡ್ ಪುಸ್ತಕದಲ್ಲಿ ಅದಕ್ಕೆ ಜಾಗವಿಲ್ಲ. ಏಕಿಲ್ಲ ಎಂಬುದನ್ನು ಟೈಟ್ರೇಶನ್‌ನಿಂದಲೇ ನೋಡೋಣ.

ಆಕ್ಸಾಲಿಕ್ ಆಮ್ಲದ ದ್ರಾವಣದಿಂದ ಪೊಟ್ಯಾಸಿಯಂ ಪರ್ಮಾಂಗನೇಟಿನ ಪ್ರಬಲತೆ ಕಂಡುಹಿಡಿಯುವಾಗ ವಿಧಾನ ನಾವು ಆರಿಸಿಕೊಂಡದ್ದಲ್ಲ, ಕೊಟ್ಟದ್ದು. ಸಲ್ಫ್ಯೂರಿಕ್ ಆಮ್ಲ ಸೇರಿಸಿ, 60ರಿಂದ 70 ಡಿಗ್ರಿಗೆ ಬಿಸಿಮಾಡಿ, ಬ್ಯುರೆಟ್ಟಿನಿಂದ ಪರ್ಮಾಂಗನೇಟ್ ಬಿಡುತ್ತಾ ಹೋದರೆ ತಿಳಿಗುಲಾಬಿ ಬಣ್ಣ ನಿಲ್ಲುವ ಒಂದು ಬಿಂದು ಬರುತ್ತದೆ. ಉತ್ತರ ಬಾಟಲಿಯೊಳಗೆ ಮೊದಲೇ ಇದೆ. ಅದನ್ನು ಎಷ್ಟು ಜಾಗರೂಕತೆಯಿಂದ ಅಳೆದಿದ್ದೇವೆ ಎಂಬುದಷ್ಟನ್ನೇ ವರದಿ ತೋರಿಸಬೇಕು. ಒಂದು ಸಲ ಹನಿ ಹೆಚ್ಚು ಬಿದ್ದು ಬಣ್ಣ ಗಾಢವಾದರೆ, ಇನ್ನೊಮ್ಮೆ ಮಾಡಿ ಹೊಂದಿಕೆಯಾಗುವ ಎರಡು ರೀಡಿಂಗ್ ಪಡೆಯುತ್ತೇವೆ. ಹೆಚ್ಚು ಬಿದ್ದ ಆ ಹನಿ ನಮ್ಮ ಕೈಯ ಕತೆಯನ್ನು ಹೇಳುತ್ತದೆಯೇ ಹೊರತು ಪರ್ಮಾಂಗನೇಟಿನ ಬಗ್ಗೆ ಏನನ್ನೂ ಹೇಳುವುದಿಲ್ಲ.

ಸೇತುವೆ ಮುರಿದದ್ದು ಹಾಗಲ್ಲ. ಅದು ಸೇತುವೆಯ ಬಗ್ಗೆಯೇ ಹೇಳುವ ಮಾತು. ಆದ್ದರಿಂದ ಹುಡುಗರ ಜೊತೆ ಕುಳಿತು ವರದಿಯ ಚೌಕಟ್ಟನ್ನೇ ಬದಲಿಸಿದೆ.

ಮೊದಲು ಹೋದದ್ದು "ಉದ್ದೇಶ". "ಸೇತುವೆ ನಿರ್ಮಿಸುವುದು" ಎಂದು ಬರೆದರೆ ಯಾವ ಸೇತುವೆಯೂ ಪಾಸೇ. ಆ ಜಾಗದಲ್ಲಿ ಅಗತ್ಯಗಳನ್ನು ಅಳತೆಯೊಂದಿಗೆ ಬರೆದೆವು: ಆಧಾರದಿಂದ ಆಧಾರಕ್ಕೆ 40 ಸೆಂ.ಮೀ., ನಡುವೆ ತೂಗುಹಾಕಿದ 10 ಕೆ.ಜಿ.ಯನ್ನು ಒಂದು ನಿಮಿಷ ಹೊರಬೇಕು, ಸೇತುವೆಯ ಸ್ವಂತ ತೂಕ 100 ಗ್ರಾಂ ಮೀರಬಾರದು, ಕಡ್ಡಿ ಮತ್ತು ಫೆವಿಕಾಲ್ ಬಿಟ್ಟು ಬೇರೇನೂ ಬಳಸಬಾರದು. ಇವು ಪರೀಕ್ಷೆಗೆ ಮುಂಚೆಯೇ ಬರೆದಿರಬೇಕು. ಭಾರ ಹಾಕಿ ನೋಡಿದ ಮೇಲೆ ಬರೆದರೆ, ಗೋಡೆಗೆ ಬಾಣ ಬಿಟ್ಟು ಅದರ ಸುತ್ತ ಗುರಿಯ ವೃತ್ತ ಎಳೆದಂತೆ.

"ತತ್ವ" ಎಂಬುದರ ಜಾಗಕ್ಕೆ ಆಯ್ಕೆಗಳು ಬಂದವು. ಕಡ್ಡಿಗಳನ್ನು ಒಂದರ ಮೇಲೊಂದು ಅಂಟಿಸಿ ಚಪ್ಪಟೆ ತೊಲೆ ಮಾಡಬಹುದಿತ್ತು, ಚೌಕಗಳ ಚೌಕಟ್ಟು ಮಾಡಬಹುದಿತ್ತು, ತ್ರಿಕೋನಗಳ ಸಾಲು ಮಾಡಬಹುದಿತ್ತು. ಚೌಕವನ್ನು ಮೂಲೆಯಲ್ಲಿ ತಳ್ಳಿದರೆ ಓರೆಯಾಗುತ್ತದೆ. ತ್ರಿಕೋನದ ಆಕಾರ ಬದಲಾಗಬೇಕಾದರೆ ಅದರ ಒಂದು ಬದಿಯ ಉದ್ದವೇ ಬದಲಾಗಬೇಕು. ಹೀಗೆ ಪ್ರತಿ ತೀರ್ಮಾನದ ಪಕ್ಕ ಅದರ ಕಾರಣ ಇರಬೇಕು, ಬಿಟ್ಟ ದಾರಿಗಳನ್ನೂ ಹೆಸರಿಸಬೇಕು. ಟೈಟ್ರೇಶನ್ ಬರೆಯುವಾಗ ಪರ್ಮಾಂಗನೇಟನ್ನೇ ಏಕೆ ತೆಗೆದುಕೊಂಡಿರಿ ಎಂದು ನಿಮ್ಮನ್ನು ಯಾರೂ ಕೇಳುವುದಿಲ್ಲ. ಇಲ್ಲಿ ಮೊದಲು ಕೇಳುವುದೇ ಅದನ್ನು.

ಲೆಕ್ಕ ಕೊನೆಯಿಂದ ಮುಂದಕ್ಕೆ ಬಂತು. ಟೈಟ್ರೇಶನ್‌ನಲ್ಲಿ ರೀಡಿಂಗ್ ಬಂದ ಮೇಲೆ ಲೆಕ್ಕ. ಸೇತುವೆಯಲ್ಲಿ ಕಟ್ಟುವ ಮೊದಲೇ ಲೆಕ್ಕ. 10 ಕೆ.ಜಿ. ಎಂದರೆ 98 ನ್ಯೂಟನ್. ಎರಡು ಪಕ್ಕದ ಚೌಕಟ್ಟುಗಳು ಹಂಚಿಕೊಂಡರೆ ತಲಾ 49, ಪ್ರತಿ ಆಧಾರದಲ್ಲಿ 24.5. ಆಧಾರದಿಂದ ನಡುವಿಗೆ 20 ಸೆಂ.ಮೀ., 10 ಸೆಂ.ಮೀ. ಬದಿಯ ಸಮಬಾಹು ತ್ರಿಕೋನದ ಎತ್ತರ 8.7 ಸೆಂ.ಮೀ. ಫಿಸಿಕ್ಸ್‌ನಲ್ಲಿ ಕಲಿತ ಬಲದ ಮಹತ್ವವನ್ನು ಹಚ್ಚಿದರೆ, ಮೇಲಿನ ಸಾಲಿನ ನಡುಗಡ್ಡಿಯ ಮೇಲೆ 24.5 × 20 ÷ 8.7, ಅಂದರೆ ಸುಮಾರು 56 ನ್ಯೂಟನ್ ಒತ್ತಡ ಬೀಳುತ್ತದೆ. ಬೇರೆ ಯಾವ ಕಡ್ಡಿಯ ಮೇಲೂ ಇಷ್ಟು ಒತ್ತಡವಿಲ್ಲ. ಮುರಿದರೆ ಅಲ್ಲಿಯೇ ಮುರಿಯಬಹುದು ಎಂಬ ಊಹೆಯನ್ನು ಕಟ್ಟುವ ಮೊದಲೇ ಬರೆದಿಡಬಹುದು.

"ವಿಧಾನ" ಎರಡು ತುಂಡಾಯಿತು. ಕಟ್ಟಿದ ಬಗೆ ಒಂದು, ಪರೀಕ್ಷಿಸಿದ ಬಗೆ ಇನ್ನೊಂದು. ಮೊದಲನೆಯದರಲ್ಲಿ ಅಂಟು ಒಣಗಲು 24 ಗಂಟೆ ಬಿಟ್ಟದ್ದು ಕೂಡ ಬರಬೇಕು. ಹಸಿ ಅಂಟಿನ ಸೇತುವೆ ಬೇಗ ಬಿದ್ದರೆ ವಿನ್ಯಾಸವನ್ನು ದೂರಿ ಫಲವಿಲ್ಲ. ಎರಡನೆಯದರಲ್ಲಿ, ನಡುವೆ ಬಕೆಟ್ ತೂಗುಹಾಕಿ ಪ್ರತಿ ಸಲ ಅರ್ಧ ಕೆ.ಜಿ. ಮರಳು ಸುರಿದದ್ದು, ಬಕೆಟ್ಟಿನ ತೂಕವನ್ನೂ ಸೇರಿಸಿದ್ದು, ಪ್ರತಿ ಸಲ ಒಂದು ನಿಮಿಷ ಕಾದದ್ದು.

ಇನ್ನು ಮುರಿದ ಸೇತುವೆ. ಅದು 68 ಗ್ರಾಂ ತೂಗುತ್ತಿತ್ತು, 7 ಕೆ.ಜಿ. ಹೊತ್ತು, 7.5ಕ್ಕೆ ಬಿತ್ತು. "ಮುರಿಯಿತು" ಎಂಬ ಒಂದೇ ಪದ ಸಾಲದು, ಹೇಗೆ ಎಂಬುದು ಬೇಕು. ಹುಡುಗರು ಫೋನಿನಲ್ಲಿ ವಿಡಿಯೊ ಮಾಡಿದ್ದು ಒಳ್ಳೆಯದಾಯಿತು. ಮೇಲಿನ ನಡುಗಡ್ಡಿ ಮೊದಲು ಬಿಲ್ಲಿನಂತೆ ಪಕ್ಕಕ್ಕೆ ಬಾಗಿ ಆಮೇಲೆ ಸೀಳಿತ್ತು, ಅಂಟಿದ ಕೂಡುಗಳು ಹಾಗೆಯೇ ಇದ್ದವು. ಅಂದರೆ ಮರ ಜಜ್ಜಿಹೋಗಲಿಲ್ಲ, ಅಂಟು ಬಿಡಲೂ ಇಲ್ಲ. ತೆಳು ಕಡ್ಡಿ ಒತ್ತಡಕ್ಕೆ ಬಾಗಿತು. ಕೂಡು ಬಿಟ್ಟಿದ್ದರೆ ಪರಿಹಾರವೇ ಬೇರೆಯಾಗುತ್ತಿತ್ತು. ಬಾಗುವುದನ್ನು ತಡೆಯಲು ದಪ್ಪ ಹೆಚ್ಚಿಸಬೇಕು. ಎರಡು ಕಡ್ಡಿಗಳನ್ನು ಅಂಟು ಒಂದೇ ತುಂಡಿನಂತೆ ಹಿಡಿದರೆ ದಪ್ಪ ಇಮ್ಮಡಿ, ಆ ದಿಕ್ಕಿನಲ್ಲಿ ಬಾಗುವಿಕೆಗೆ ತೋರುವ ಪ್ರತಿರೋಧ ಎಂಟು ಪಟ್ಟು. ಹಾಗಾಗಿ ಮೇಲಿನ ಸಾಲಿನ ಆರು ಕಡ್ಡಿಗಳನ್ನಷ್ಟೇ ಜೋಡಿ ಮಾಡಿದರು. ತೂಕ 77 ಗ್ರಾಂ ಆಯಿತು.

ಅಂಟು, ಒಣಗಿಸುವ ಸಮಯ, ಕೆಳಸಾಲು ಯಾವುದನ್ನೂ ಅವರು ಮುಟ್ಟಲಿಲ್ಲ. ಒಂದು ಸಲಕ್ಕೆ ಒಂದನ್ನೇ ಬದಲಿಸುವ ಈ ಅಭ್ಯಾಸ ಲ್ಯಾಬಿನಿಂದ ಬಂದದ್ದು. ಮೂರು ಬದಲಾವಣೆ ಒಟ್ಟಿಗೆ ಮಾಡಿದ್ದರೆ ಗೆಲುವು ಯಾವುದರಿಂದ ಬಂತೆಂದು ವರದಿ ಹೇಳಲಾಗುತ್ತಿರಲಿಲ್ಲ. ಎರಡನೆಯ ಸೇತುವೆ 10 ಕೆ.ಜಿ.ಯನ್ನು ನಿಮಿಷವಿಡೀ ಹೊತ್ತಿತು. ಮುಂದುವರಿಸಿದಾಗ 13ಕ್ಕೆ ಬಿತ್ತು, ಈ ಸಲ ಕೆಳಸಾಲಿನ ಒಂದು ಕೂಡು ಬಿಟ್ಟು. ದುರ್ಬಲ ಜಾಗ ಮೇಲಿನಿಂದ ಕೆಳಕ್ಕೆ ಇಳಿದಿತ್ತು. ಮುಂದಿನ ವರ್ಷದ ತಂಡ ಎಲ್ಲಿಂದ ಶುರು ಮಾಡಬೇಕೆಂದು ಈ ಒಂದು ಸಾಲು ಹೇಳುತ್ತದೆ.

ಫಲಿತಾಂಶದ ಸಾಲಿನ ಬದಲು ಒಂದು ಕೋಷ್ಟಕ ಬಂತು: ಎಡಕ್ಕೆ ಮೊದಲು ಬರೆದ ನಾಲ್ಕು ಅಗತ್ಯಗಳು, ಪಕ್ಕದಲ್ಲಿ ಎರಡೂ ಸೇತುವೆಗಳ ಅಳತೆ, ಪ್ರತಿಯೊಂದಕ್ಕೂ ಪೂರೈಸಿದೆ ಅಥವಾ ಇಲ್ಲ. ಮೊದಲ ಸೇತುವೆಯ ಎದುರು ಒಂದು "ಇಲ್ಲ" ಇದೆ. ಅದನ್ನು ಅಳಿಸಿದರೆ ಕಡ್ಡಿ ಜೋಡಿ ಮಾಡಿದ್ದೇಕೆ ಎಂಬುದಕ್ಕೆ ವರದಿಯಲ್ಲಿ ಆಧಾರವೇ ಉಳಿಯುವುದಿಲ್ಲ.

ಕೊನೆಗೆ ಮಿತಿಗಳು. ಟೈಟ್ರೇಶನ್ ಅನ್ನು ಅದೇ ದ್ರಾವಣದಿಂದ ಮೂರು ಸಲ ಮಾಡಬಹುದು. ಮುರಿದ ಸೇತುವೆಯನ್ನು ಮತ್ತೆ ಮುರಿಯಲಾಗದು. ಪ್ರತಿ ವಿನ್ಯಾಸಕ್ಕೂ ಅವರ ಬಳಿ ಇದ್ದದ್ದು ಒಂದೇ ಮಾದರಿ. ಆದ್ದರಿಂದ "ಈ ವಿನ್ಯಾಸ 12.5 ಕೆ.ಜಿ. ಹೊರುತ್ತದೆ" ಎಂದು ಬರೆಯುವ ಹಾಗಿಲ್ಲ, "ನಾವು ಕಟ್ಟಿದ ಒಂದು ಸೇತುವೆ 12.5 ಹೊತ್ತು 13ಕ್ಕೆ ಬಿತ್ತು, ಮರಳನ್ನು ಅರ್ಧರ್ಧ ಕೆ.ಜಿ.ಯಾಗಿ ಸುರಿದದ್ದರಿಂದ ಇದಕ್ಕಿಂತ ಸೂಕ್ಷ್ಮವಾಗಿ ಹೇಳಲಾಗದು" ಎಂದು ಬರೆಯಬೇಕು. ಹುಡುಗರು ಹಾಗೆಯೇ ಬರೆದಿದ್ದಾರೆ. ಎರಡೂ ಸೇತುವೆಗಳ ತುಂಡುಗಳು ಫಿಸಿಕ್ಸ್ ಲ್ಯಾಬಿನ ಕಪಾಟಿನಲ್ಲಿವೆ, ಸೀಳಿದ ಕಡ್ಡಿಗೆ ಚೀಟಿ ಕಟ್ಟಿದೆ.