ಲೇಔಟ್ ನಕ್ಷೆಯನ್ನು ಅದರ ನೆಲದ ಮೇಲೆ ಕೂರಿಸುವುದು

ಧಾರವಾಡದ ಹತ್ತಿರ ಹೆಬ್ಬಳ್ಳಿ ಕಡೆಯ ಒಂದು ಲೇಔಟಿನ ಕ್ಯಾಡ್ ನಕ್ಷೆ ನಿಮ್ಮ ಕೈಗೆ ಬಂದಿದೆ ಎಂದುಕೊಳ್ಳಿ. ರಸ್ತೆ, ಸೈಟು, ಉದ್ಯಾನ ಎಲ್ಲವೂ ಅಳತೆಗೆ ಸರಿಯಾಗಿವೆ. ಆದರೆ ಬರೆದವರು ಲೇಔಟಿನ ಒಂದು ಮೂಲೆಯನ್ನೇ 0,0 ಎಂದು ಹಿಡಿದಿದ್ದಾರೆ. ಜಿಐಎಸ್ ಎಂದರೆ ಪ್ರತಿ ಬಿಂದುವಿಗೂ ಭೂಮಿಯ ಮೇಲಿನ ಸ್ಥಾನ ಗೊತ್ತಿರುವ ನಕ್ಷಾ ವ್ಯವಸ್ಥೆ. ನಮ್ಮ ಭಾಗಕ್ಕೆ ಅದರಲ್ಲಿ ಬಳಸುವುದು ಯುಟಿಎಂ 43 ಉತ್ತರ ವಲಯ (EPSG:32643). ಇಲ್ಲಿ ಸ್ಥಾನಗಳನ್ನು ಮೀಟರಿನಲ್ಲಿ ಹೇಳುತ್ತಾರೆ. ನಕ್ಷೆಯನ್ನು ಹಾಗೆಯೇ ತೆರೆದರೆ ಲೇಔಟು ಹಿಂದೂ ಮಹಾಸಾಗರದಲ್ಲಿ, ಭೂಮಧ್ಯರೇಖೆಯ ಮೇಲೆ ಕಾಣುತ್ತದೆ. ಅದನ್ನು ಸ್ವಸ್ಥಾನಕ್ಕೆ ತರುವುದೇ ಜಿಯೋರೆಫರೆನ್ಸಿಂಗ್.

ಮೊದಲು ಮಾನ ಯಾವುದೆಂದು ತಿಳಿಯಿರಿ. ಕ್ಯಾಡ್‌ನಲ್ಲಿ `DIST` ಕೊಟ್ಟು 30×40 ಸೈಟಿನ ಉದ್ದದ ಬದಿಯನ್ನು ಅಳೆಯಿರಿ. 12.192 ಬಂದರೆ ನಕ್ಷೆ ಮೀಟರಿನಲ್ಲಿದೆ, 40 ಬಂದರೆ ಅಡಿಯಲ್ಲಿದೆ, 12192 ಬಂದರೆ ಮಿಲಿಮೀಟರಿನಲ್ಲಿದೆ. ಮೀಟರಿಗೆ ತಂದ ಮೇಲೆಯೇ ಮುಂದಿನ ಮಾತು.

ಇನ್ನು ಲೇಔಟಿನ ಎದುರುಬದುರು ಮೂಲೆಗಳ ಎರಡು ಗಡಿಕಲ್ಲುಗಳನ್ನು ಆರಿಸಿ, ಡಿಜಿಪಿಎಸ್‌ನಿಂದ ಅವುಗಳ ಸ್ಥಾನ ಪಡೆಯಿರಿ. ಕಲ್ಲುಗಳು ದೂರವಿದ್ದಷ್ಟೂ ಒಳ್ಳೆಯದು: ಹತ್ತಿರದ ಕಲ್ಲುಗಳಲ್ಲಾದ ಎರಡು ಸೆಂಟಿಮೀಟರ್ ತಪ್ಪು ಇಡೀ ನಕ್ಷೆಯನ್ನೇ ತಿರುಗಿಸಿಬಿಡುತ್ತದೆ.

ಈಗ ಎರಡು ದೂರಗಳನ್ನು ಹೋಲಿಸಿ. ಕ್ಯಾಡ್‌ನಲ್ಲಿ ಕಲ್ಲುಗಳ ನಡುವೆ 500.00 ಮೀಟರ್ ಇದ್ದರೆ ಯುಟಿಎಂ ಅಂಕಿಗಳಿಂದ ಸುಮಾರು 499.75 ಬರುತ್ತದೆ. ಹೊಸಬರು ಗಾಬರಿಯಾಗುವುದು ಇಲ್ಲೇ. ಇದು ಸರ್ವೆಯ ತಪ್ಪಲ್ಲ. ಯುಟಿಎಂ ತನ್ನ ವಲಯದ ನಡುರೇಖೆಯ ಮೇಲೆ ಎಲ್ಲ ದೂರಗಳನ್ನೂ 0.9996ಕ್ಕೆ ಕುಗ್ಗಿಸುತ್ತದೆ. ನಮ್ಮ ವಲಯದ ನಡುರೇಖೆ 75 ಡಿಗ್ರಿ ರೇಖಾಂಶ. ಅದು ಧಾರವಾಡದ ಪಕ್ಕದಲ್ಲೇ ಹಾದುಹೋಗುತ್ತದೆ. ಆದ್ದರಿಂದ 500 ಮೀಟರಿಗೆ 20 ಸೆಂಟಿಮೀಟರ್ ಕಡಿಮೆ. ನಮ್ಮ ನೆಲ ಎತ್ತರದಲ್ಲಿರುವುದರಿಂದ ಇನ್ನೂ ಐದು ಸೆಂಟಿಮೀಟರ್ ಹೋಗುತ್ತದೆ. ಅನುಪಾತ 0.9995ರ ಆಸುಪಾಸಿನಲ್ಲಿದ್ದರೆ ನಿಶ್ಚಿಂತೆಯಿಂದ ಮುಂದುವರಿಯಿರಿ. 0.3048 ಬಂದರೆ ಅಡಿಯನ್ನು ಮೀಟರೆಂದು ಓದಿದ್ದೀರಿ. 0.98 ಬಂದರೆ ಕಲ್ಲೇ ಬೇರೆ.

ಕ್ಯೂಜಿಐಎಸ್‌ನ ಜಿಯೋರೆಫರೆನ್ಸರ್‌ನಲ್ಲಿ `Helmert` ಆರಿಸಿ. ಅದು ನಕ್ಷೆಯನ್ನು ಸರಿಸುತ್ತದೆ, ತಿರುಗಿಸುತ್ತದೆ, ಎಲ್ಲ ದಿಕ್ಕಿಗೂ ಒಂದೇ ಪ್ರಮಾಣದಲ್ಲಿ ಹಿಗ್ಗಿಸುತ್ತದೆ ಅಥವಾ ಕುಗ್ಗಿಸುತ್ತದೆ. ಚೌಕ ಸೈಟು ಚೌಕವಾಗಿಯೇ ಉಳಿಯುತ್ತದೆ. `Polynomial 1` ಎರಡು ದಿಕ್ಕಿಗೆ ಎರಡು ಪ್ರಮಾಣ ಕೊಡಬಲ್ಲದು, ಮೂಲೆಗಳನ್ನು ಓರೆ ಮಾಡಬಲ್ಲದು. ಕೆಟ್ಟ ಬಿಂದುವೂ ಅದರಲ್ಲಿ ಸರಿಯಾಗಿ ಕೂತಂತೆ ಕಾಣುವುದರಿಂದ ಲೇಔಟಿಗೆ ಅದು ಬೇಡವೆನ್ನುತ್ತೇನೆ.

ಎರಡೇ ಬಿಂದುಗಳಿದ್ದರೆ ಹೆಲ್ಮರ್ಟ್ ಯಾವ ತಪ್ಪನ್ನೂ ತೋರಿಸದು. ಹೀಗಾಗಿ ಮೂರನೆಯ ಕಲ್ಲೊಂದನ್ನು ಲೆಕ್ಕಕ್ಕೆ ಸೇರಿಸದೆ ಪರೀಕ್ಷೆಗೆಂದೇ ಇಟ್ಟುಕೊಳ್ಳಿ. ಕೂರಿಸಿದ ಮೇಲೆ ಅದು ಕೆಲವೇ ಸೆಂಟಿಮೀಟರಿನೊಳಗೆ ಹೊಂದಬೇಕು. ಆಮೇಲೆ ಉತ್ತರದ ಬಾಣ ನೋಡಿ. ರಸ್ತೆ ಕಾಗದಕ್ಕೆ ನೇರವಾಗಿರಲಿ ಎಂದು ನಕ್ಷೆಯನ್ನು ತಿರುಗಿಸಿ ಬರೆಯುವ ರೂಢಿಯಿದೆ. ಹಾಗೆ ಓರೆಯಾಗಿದ್ದ ಬಾಣ ಈಗ ನೆಟ್ಟಗೆ ಮೇಲಕ್ಕೆ ನಿಲ್ಲಬೇಕು, ಏಕೆಂದರೆ ನಡುರೇಖೆಯ ಪಕ್ಕದಲ್ಲಿ ಯುಟಿಎಂನ ಉತ್ತರವೂ ನಿಜವಾದ ಉತ್ತರವೂ ಹೆಚ್ಚುಕಡಿಮೆ ಒಂದೇ. ಮೂರನೆಯ ಕಲ್ಲು ಹೊಂದಿದ್ದೂ ಬಾಣ ಐದಾರು ಡಿಗ್ರಿ ವಾಲಿದ್ದರೆ ಬಾಣವನ್ನೇ ಅಂದಾಜಿನಲ್ಲಿ ಬರೆದಿದ್ದಾರೆ, ಕಲ್ಲುಗಳನ್ನೇ ನಂಬಿ.