ಮೂಲಾ ನಕ್ಷತ್ರದ ಮೊಮ್ಮಗಳು

ಕೊಪ್ಪದ ಅಮ್ಮನವರೇ,

ಮೊದಲು ಹೊತ್ತು ಲೆಕ್ಕ ಹಾಕೋಣ. ನೀವು ಬರೆದಂತೆ ಮೂಲಾ ಶುರುವಾದದ್ದು ರಾತ್ರಿ 10.10ಕ್ಕೆ, ಮಗು ಹುಟ್ಟಿದ್ದು ಬೆಳಗಿನ ಜಾವ 5.20ಕ್ಕೆ. ಗಂಡಾಂತವೆಂದರೆ ಜ್ಯೇಷ್ಠಾ ಮುಗಿದು ಮೂಲಾ ಹುಟ್ಟುವ ಸಂಧಿ. ರೂಢಿಯ ಒಂದು ಲೆಕ್ಕದಲ್ಲಿ ಆಚೀಚೆ ಎರಡೆರಡು ಗಳಿಗೆ, ಅಂದರೆ 48 ನಿಮಿಷ. ಮಗು ಅದನ್ನು ದಾಟಿ, ಮೂಲಾ ಶುರುವಾಗಿ ಏಳು ಗಂಟೆಯಾದ ಮೇಲೆ ಹುಟ್ಟಿದೆ. ಪಾದಕ್ಕೆ ಸುಮಾರು ಆರು ಗಂಟೆಯಾದ್ದರಿಂದ ಇದು ಎರಡನೇ ಪಾದ. ತಂದೆಗೆ ದೋಷವೆಂದು ಹೇಳುವುದು ಮೊದಲ ಪಾದಕ್ಕೆ, ಎರಡನೆಯದು ತಾಯಿಗೆ. ಆಸ್ಪತ್ರೆಯ ದಾಖಲೆಯ ಸಮಯವನ್ನೇ ಪುರೋಹಿತರಿಗೆ ಕೊಡಿ. ಅಂದಾಜಿನ ಸಮಯದಿಂದ ಪಾದವೇ ತಪ್ಪುತ್ತದೆ.

ಶಾಂತಿಯನ್ನು ಸಾಮಾನ್ಯವಾಗಿ ಮೂಲಾ ಮತ್ತೆ ಬರುವ ದಿನ, ಸುಮಾರು 27 ದಿನಕ್ಕೆ ಮಾಡಿಸುತ್ತಾರೆ. ಗೋಮುಖ ಪ್ರಸವದಲ್ಲಿ ಮಗುವನ್ನು ಹೊಸ ಮೊರದಲ್ಲಿಟ್ಟು ಹಸುವಿನ ಮುಖದ ಬಳಿ ಹಿಡಿಯುತ್ತಾರೆ, ಹೋಮವಾದ ಮೇಲೆ ಕಲಶದ ನೀರಿನ ಅಭಿಷೇಕ. ತಂದೆ ತುಪ್ಪದ ಬಟ್ಟಲಲ್ಲಿ ಮಗುವಿನ ಮುಖ ನೋಡುತ್ತಾರೆ. ನೀರು ಬೆಚ್ಚಗಿರಲಿ, ನಾಲ್ಕು ಹನಿ ಸಾಕು. ಹೊಗೆಯಿಂದ ಕೂಸನ್ನು ದೂರವಿಡಿ.

ಅಲ್ಲಿಯವರೆಗೆ ಅಳಿಯಂದಿರು ಮಗಳ ಮುಖ ನೋಡಬಾರದೆಂಬುದನ್ನು ನಾನು ಒಪ್ಪುವುದಿಲ್ಲ. ಇವತ್ತೇ ಎತ್ತಿಕೊಳ್ಳಲಿ. ಮಾವನಿಗೆ ಆಗದೆಂಬ ಮಾತನ್ನು ಈ ಕೂಸಿನ ಮೇಲೆ ಹೊರಿಸುವುದೂ ಅನ್ಯಾಯ. ನವರಾತ್ರಿಯಲ್ಲಿ ಸರಸ್ವತಿಯನ್ನು ಆವಾಹಿಸುವುದು ಇದೇ ಮೂಲಾ ನಕ್ಷತ್ರದಂದು. ಶಾರದೆಯ ಶೃಂಗೇರಿ ಪಕ್ಕದಲ್ಲಿರುವ ನಿಮಗೆ ಅದು ಗೊತ್ತೇ ಇದೆ.