ಹತ್ತು ಸಾವಿರ ಇಪ್ಪತ್ತಾದಾಗ

ಹಬ್ಬಕ್ಕೆ, ಹುಟ್ಟುಹಬ್ಬಕ್ಕೆ ಅಜ್ಜಿ, ಸೋದರಮಾವ ಕೊಟ್ಟ ದುಡ್ಡೆಲ್ಲ ಸೇರಿ ಮಗನ ಉಳಿತಾಯ ಖಾತೆಯಲ್ಲಿ 10,000 ರೂಪಾಯಿ ಆಗಿತ್ತು. ಎಫ್‌ಡಿ ಮಾಡಿಸೋಣ ಎಂದೆ. ಹತ್ತನೇ ಕ್ಲಾಸಿನ ಹುಡುಗ, ಚಕ್ರಬಡ್ಡಿಯ ಸೂತ್ರ ಬಾಯಿಪಾಠ. ಆದರೆ ಅವನಿಗೆ ಬೇಕಾಗಿದ್ದು ಸೂತ್ರವಲ್ಲ.

“ಅಮ್ಮಾ, ಶೇ. 7ರ ಬಡ್ಡಿ ಅಂದ್ರೆ ವರ್ಷಕ್ಕೆ 700. ಹತ್ತು ವರ್ಷಕ್ಕೆ 7,000. ಚಕ್ರಬಡ್ಡಿ ಆದ್ರೆ ಅದಕ್ಕಿಂತ ಎಷ್ಟು ಜಾಸ್ತಿ ಸಿಗತ್ತೆ?”

ಸೂತ್ರ ಬದಿಗಿಟ್ಟು ಮೊದಲ ವರ್ಷವನ್ನಷ್ಟೇ ಕಾಗದದ ಮೇಲೆ ಬಿಡಿಸಿದೆವು. ನಮ್ಮ ಬ್ಯಾಂಕುಗಳು ಎಫ್‌ಡಿ ಬಡ್ಡಿಯನ್ನು ಸಾಮಾನ್ಯವಾಗಿ ಮೂರು ತಿಂಗಳಿಗೊಮ್ಮೆ ಅಸಲಿಗೆ ಸೇರಿಸುತ್ತವೆ. ಮೊದಲ ಮೂರು ತಿಂಗಳಿಗೆ 175 ರೂಪಾಯಿ. ಎರಡನೇ ಸಲ ಬಡ್ಡಿ ಹುಟ್ಟುವುದು 10,175ರ ಮೇಲೆ, ಹಾಗಾಗಿ 178. ಆಮೇಲೆ 181, 184. ಪೈಸೆಗಳೂ ಸೇರಿ ವರ್ಷದ ಕೊನೆಗೆ 719 ಸಿಕ್ಕಿತು. “ಬರೀ 19 ರೂಪಾಯಿ ಜಾಸ್ತಿನಾ?” ಅಂತ ಅವನ ಮುಖ ಸಪ್ಪೆಯಾಯಿತು. ಹತ್ತನೇ ವರ್ಷದ ಬಡ್ಡಿಯೊಂದನ್ನೇ ಲೆಕ್ಕ ಹಾಕು ಎಂದೆ. ಅದು 1,342 ಬಂತು, ಮೊದಲ ವರ್ಷದ ಹೆಚ್ಚುಕಮ್ಮಿ ಎರಡರಷ್ಟು. ಒಟ್ಟು ಮೊತ್ತ 20,016.

ಹದಿಹರೆಯದವರಿಗೆ ಇದನ್ನು ಹೇಳುವಾಗ ಕೊನೆಯ ಮೊತ್ತಕ್ಕಿಂತ ಮೊದಲ ಮತ್ತು ಕೊನೆಯ ವರ್ಷದ ಬಡ್ಡಿಗಳನ್ನು ಅಕ್ಕಪಕ್ಕ ಇಡುವುದೇ ಸರಿ. ಚಕ್ರಬಡ್ಡಿಯ ಕೆಲಸವೆಲ್ಲ ಕೊನೆಯ ವರ್ಷಗಳಲ್ಲೇ ಕಣ್ಣಿಗೆ ಬೀಳುವುದು. ಎಫ್‌ಡಿ ಅರ್ಜಿಯಲ್ಲಿ ಬಡ್ಡಿ ಹೇಗೆ ಬೇಕು ಎಂದು ಕೇಳುವ ಸಾಲನ್ನೂ ತೋರಿಸಿದೆ. ಮೂರು ತಿಂಗಳಿಗೊಮ್ಮೆ ಕೈಗೆ ಬರಲಿ ಎಂದು ಗುರುತು ಹಾಕಿದರೆ ಆ 175 ಉಳಿತಾಯ ಖಾತೆಗೆ ಹೋಗಿ ಕೂರುತ್ತದೆ, ಅಸಲು ಕೊನೆಯವರೆಗೂ 10,000 ಆಗಿಯೇ ಉಳಿಯುತ್ತದೆ. ಅವಧಿ ಮುಗಿದಾಗ ಒಟ್ಟಿಗೆ ಎಂದು ಹಾಕಿದರೆ ಮಾತ್ರ ಚಕ್ರ ತಿರುಗುತ್ತದೆ.

“ಹಾಗಾದ್ರೆ ಹತ್ತು ವರ್ಷದ ಮೇಲೆ ಈಗಿನ ಥರದ್ದೇ ಎರಡು ಸೈಕಲ್ ತಗೋಬಹುದು, ಅಲ್ವಾ?”

ಅವನ ಕಣ್ಣಿದ್ದದ್ದು 10,000 ರೂಪಾಯಿಯ ಗೇರ್ ಸೈಕಲ್ಲಿನ ಮೇಲೆ. ಆಗಲೇ ಹಣದುಬ್ಬರದ ಮಾತು ಬಂದದ್ದು. ರಿಸರ್ವ್ ಬ್ಯಾಂಕಿನ ಗುರಿ ಶೇ. 4, ಎರಡು ಮೇಲೆ ಅಥವಾ ಎರಡು ಕೆಳಗೆ ಹೋದರೆ ಸಹನೀಯ. ನಾವು ಕೆಟ್ಟ ಕಡೆಯಿಂದ ನೋಡೋಣ ಎಂದು 6 ಹಿಡಿದೆವು. ಬೆಲೆ ಏರುವುದೂ ಚಕ್ರಬಡ್ಡಿಯ ಲೆಕ್ಕದಲ್ಲೇ: ಈ ವರ್ಷ ಏರಿದ ಬೆಲೆಯ ಮೇಲೆ ಮುಂದಿನ ವರ್ಷದ ಏರಿಕೆ. ಸೈಕಲ್ಲಿನ ಬೆಲೆ ಹತ್ತು ವರ್ಷಕ್ಕೆ 17,908 ಆಯಿತು.

“ಅಂದ್ರೆ ಸೈಕಲ್ ಒಂದೇ. ಮಿಕ್ಕಿದ್ದು ಎರಡು ಸಾವಿರ ಚಿಲ್ಲರೆ.”

ಆ ಮಿಕ್ಕಿದ್ದಕ್ಕೂ ಆಗ ಇವತ್ತಿನ ಬೆಲೆ ಇರುವುದಿಲ್ಲ. 20,016ನ್ನು ಇಂದಿನ ರೂಪಾಯಿಗೆ ಇಳಿಸಿದರೆ ಸುಮಾರು 11,180. ದುಡ್ಡು ದುಪ್ಪಟ್ಟಾದರೂ ಅದರ ಕೊಳ್ಳುವ ಶಕ್ತಿ ಹೆಚ್ಚಿದ್ದು ಶೇ. 12ರಷ್ಟು ಮಾತ್ರ. ಬಾಯಿಲೆಕ್ಕಕ್ಕೆ 72ನ್ನು ದರದಿಂದ ಭಾಗಿಸು ಎಂದೆ. ಏಳರಿಂದ ಭಾಗಿಸಿದರೆ ಸುಮಾರು ಹತ್ತು, ಅಷ್ಟು ವರ್ಷಕ್ಕೆ ದುಡ್ಡು ದುಪ್ಪಟ್ಟು. ಆರರಿಂದ ಭಾಗಿಸಿದರೆ ಹನ್ನೆರಡು, ಅಷ್ಟು ವರ್ಷಕ್ಕೆ ಬೆಲೆ ದುಪ್ಪಟ್ಟು. ಈ ಎರಡು ವರ್ಷದ ಅಂತರವೇ ಅವನ ನಿಜವಾದ ಲಾಭ.

“ಖಾತೆಯಲ್ಲೇ ಬಿಟ್ಟುಬಿಟ್ಟಿದ್ರೆ?” ಶೇ. 3ರಂತೆ ಹಾಕಿ ನೋಡಿದ. ಪಾಸ್‌ಬುಕ್ಕಿನಲ್ಲಿ 13,483 ಕಾಣುತ್ತದೆ, ಕೊಳ್ಳುವ ಶಕ್ತಿ ಇಂದಿನ 7,530ಕ್ಕೆ ಸಮ. ಬೆಲೆ ಏರಿದರೂ ಪಾಸ್‌ಬುಕ್ಕಿನ ಮೊತ್ತ ಒಂದು ರೂಪಾಯಿಯೂ ಇಳಿಯುವುದಿಲ್ಲವಲ್ಲ, ಅದಕ್ಕೇ ಈ ನಷ್ಟ ದೊಡ್ಡವರ ಕಣ್ಣಿಗೂ ಬೀಳುವುದಿಲ್ಲ.

ತೆರಿಗೆಯ ಮಾತು ಎತ್ತಬೇಕೋ ಬೇಡವೋ ಎಂದು ಯೋಚಿಸಿ, ಕೊನೆಗೆ ಎತ್ತಿದೆ. ಹದಿನೆಂಟು ತುಂಬುವವರೆಗೆ ಅವನ ಠೇವಣಿಯ ಬಡ್ಡಿ ಅಪ್ಪ-ಅಮ್ಮನಲ್ಲಿ ಯಾರ ಆದಾಯ ಹೆಚ್ಚೋ ಅವರ ಲೆಕ್ಕಕ್ಕೆ ಸೇರುತ್ತದೆ. ನಾವು ಶೇ. 20 ತೆರಿಗೆ ಕಟ್ಟುವವರಾದರೆ ಏಳರಲ್ಲಿ ಉಳಿಯುವುದು 5.6. ಬೆಲೆ ಆರರಂತೆ ಏರುವ ವರ್ಷದಲ್ಲಿ ಎಫ್‌ಡಿಯೂ ಸೋಲುತ್ತದೆ, ನಾಲ್ಕರಂತೆ ಏರಿದರೆ ಗೆಲ್ಲುತ್ತದೆ.

ಹುಡುಗ ಬಿಡಲಿಲ್ಲ. “ಹಾಗಿದ್ರೆ ಸೈಕಲ್ ಈಗ್ಲೇ ತಗೊಳ್ಳೋದೇ ಜಾಣತನ. ಆಮೇಲೆ ಅದಕ್ಕೆ 17,908 ಆಗತ್ತಲ್ಲ!”

“ಆಗೋದು ಹೊಸ ಸೈಕಲ್ಲಿಗೆ ಕಣೋ, ನಿನ್ನ ಹತ್ತು ವರ್ಷದ ಹಳೇ ಸೈಕಲ್ಲಿಗಲ್ಲ” ಎಂದೆ. ಓಡಿಸಬೇಕು ಅನ್ನಿಸಿದರೆ ತಗೋ, ಬೆಲೆ ಏರುತ್ತದೆ ಎಂಬ ಭಯಕ್ಕೆ ಬೇಡ ಎಂದೂ ಹೇಳಿದೆ. ಒಂದು ವಾರ ಯೋಚಿಸಿ 6,000ಕ್ಕೆ ಎಫ್‌ಡಿ ಮಾಡಿಸಿದ. ಉಳಿದ 4,000ಕ್ಕೆ ಬೀದಿಯ ಸೈಕಲ್ ರಿಪೇರಿಯವರ ಹತ್ತಿರ ಸೆಕೆಂಡ್‌ಹ್ಯಾಂಡ್ ಗಾಡಿ ನೋಡುತ್ತಿದ್ದಾನೆ.